ರಿಟೈರ್ ಆದ ವರ್ಷವೇ ಮಾರ್ಕೆಟ್ ಬಿದ್ದರೆ ತಿಂಗಳ ಖರ್ಚಿಗೆ ಯಾವ ದುಡ್ಡು ತೆಗೆಯಬೇಕು?

ರಾಜಾಜಿನಗರದ ಪರಿಚಯದವರೊಬ್ಬರು ರಿಟೈರ್ ಆದಾಗ ಬಂದ ಒಂದು ಕೋಟಿಯನ್ನು ಪೂರ್ತಿ ಈಕ್ವಿಟಿ ಫಂಡಿಗೆ ಹಾಕಿದರು. ತಿಂಗಳಿಗೆ 50,000 ಬರುವ ಹಾಗೆ ಎಸ್‌ಡಬ್ಲ್ಯುಪಿ ಹಚ್ಚಿದರು, ಅಂದರೆ ಪ್ರತಿ ತಿಂಗಳು ಅಷ್ಟು ಮೊತ್ತದ ಯೂನಿಟ್ ತಾನಾಗಿಯೇ ಮಾರಿ ದುಡ್ಡು ಖಾತೆಗೆ ಬರುವ ಏರ್ಪಾಡು. "ಹತ್ತು ವರ್ಷದ ಸರಾಸರಿ ಚೆನ್ನಾಗಿದೆ ಸಾರ್" ಅಂದಿದ್ದ ಬ್ಯಾಂಕಿನ ಹುಡುಗ. ಆದರೆ ದುಡ್ಡು ತೆಗೆಯುವವರಿಗೆ ಸರಾಸರಿಗಿಂತ ಮುಖ್ಯ, ಕೆಟ್ಟ ವರ್ಷ ಮೊದಲು ಬಂತೋ ಕೊನೆಗೆ ಬಂತೋ ಎಂಬುದು.

ಲೆಕ್ಕ ನೋಡಿ. ಮೊದಲ ವರ್ಷ ಶೇ 40 ಇಳಿಕೆ, ಆಮೇಲೆ ಶೇ 20, ಶೇ 40 ಏರಿಕೆ. ಮುಟ್ಟದೇ ಬಿಟ್ಟರೆ ಕೋಟಿ ಹೆಚ್ಚುಕಮ್ಮಿ ಕೋಟಿಯೇ ಇರುತ್ತದೆ. ಪ್ರತಿ ವರ್ಷದ ಶುರುವಿನಲ್ಲಿ 6 ಲಕ್ಷ ತೆಗೆದರೆ ಉಳಿಯುವುದು ಸುಮಾರು 76 ಲಕ್ಷ. ಇದೇ ವರ್ಷಗಳು ತಿರುಗಾಮುರುಗಾ ಬಂದಿದ್ದರೆ 87 ಲಕ್ಷ! ಕಾರಣ ಯೂನಿಟ್‌ನಲ್ಲಿದೆ. ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 100 ಇದ್ದಾಗ 50,000ಕ್ಕೆ 500 ಯೂನಿಟ್ ಮಾರಿದರೆ ಸಾಕು. 60 ಆದಾಗ 833 ಹೋಗುತ್ತವೆ. ಮಾರ್ಕೆಟ್ ಮತ್ತೆ ಏರಿದಾಗ ಮಾರಿಹೋದ ಯೂನಿಟ್ ಏರುವುದಿಲ್ಲ, ಅಲ್ವಾ?

1. ತಿಂಗಳ ಖರ್ಚಿನಲ್ಲಿ ನಿಮಗೆ ಬರುವ ಪಿಂಚಣಿ, ಬಾಡಿಗೆ ಕಳೆಯಿರಿ. ಉಳಿದದ್ದನ್ನು 36ರಿಂದ ಗುಣಿಸಿ.

2. ಅಷ್ಟನ್ನು ಈಕ್ವಿಟಿಯಿಂದ ಹೊರಗಿಡಿ. 50,000 ಬೇಕಿದ್ದರೆ 18 ಲಕ್ಷ. ಒಂದು ವರ್ಷದ್ದು ಏರಿಳಿತ ಕಡಿಮೆ ಇರುವ ಲಿಕ್ವಿಡ್ ಫಂಡಿನಲ್ಲಿ, ಮಿಕ್ಕಿದ್ದು ಒಂದು ಮತ್ತು ಎರಡು ವರ್ಷದ ಎಫ್‌ಡಿಗಳಲ್ಲಿ. 36 ತಿಂಗಳು ಯಾಕೆ? 2008ರ ಜನವರಿಯಲ್ಲಿ 21,000 ಹತ್ತಿರವಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ಗೆ 8,000ದ ಆಸುಪಾಸಿಗೆ ಬಿತ್ತು. ಹಳೇ ಮಟ್ಟ ಮುಟ್ಟಿದ್ದು 2010ರ ದೀಪಾವಳಿ ಹೊತ್ತಿಗೆ.

(ಇದರ ಬದಲು ಡಿವಿಡೆಂಡ್ ಪ್ಲಾನ್ ತಗೊಳ್ಳಿ ಎನ್ನುವವರಿದ್ದಾರೆ. ಬೇಡ. ಆ ಡಿವಿಡೆಂಡ್ ನಿಮ್ಮದೇ ಎನ್‌ಎವಿಯಿಂದ ಕಿತ್ತು ಕೊಡುವ ದುಡ್ಡು.)

3. ಎಲ್ಲರೂ ಎಡವುವುದು ಇಲ್ಲಿ. ದುಡ್ಡು ಬೇರೆ ಇಟ್ಟಿರುತ್ತಾರೆ, ಆದರೆ ಎಸ್‌ಡಬ್ಲ್ಯುಪಿ ಈಕ್ವಿಟಿ ಫಂಡಿನಿಂದಲೇ ಸುಮ್ನೆ ಓಡುತ್ತಿರುತ್ತದೆ. ಅದನ್ನು ರದ್ದು ಮಾಡಿ, ಲಿಕ್ವಿಡ್ ಫಂಡಿನಿಂದ ಶುರು ಮಾಡಿ. ರದ್ದಾಗಲು ಕೆಲವು ದಿನ ಹಿಡಿಯುತ್ತದೆ, ಆದ್ದರಿಂದ ಕಂತಿನ ತಾರೀಕಿಗೆ ಎರಡು ವಾರ ಮೊದಲೇ ಕೊಡಿ.

ಮತ್ತೆ ತುಂಬಿಸುವುದು ವರ್ಷಕ್ಕೊಮ್ಮೆ ಮಾತ್ರ. ನಾನು ಹೊಸತೊಡಕಿನ ದಿನ ಊಟ ಮುಗಿಸಿ ಕೂರುತ್ತೇನೆ. ಈಕ್ವಿಟಿ ಫಂಡಿನ ಎನ್‌ಎವಿ ಹಿಂದಿನ ಗರಿಷ್ಠಕ್ಕಿಂತ ಶೇ 10ರೊಳಗೆ ಕೆಳಗಿದ್ದರೆ ಒಂದು ವರ್ಷದ ಖರ್ಚಿನಷ್ಟು ಮಾರಿ ಲಿಕ್ವಿಡ್‌ಗೆ ಹಾಕುವುದು. ಅದಕ್ಕಿಂತ ಕೆಳಗಿದ್ದರೆ ಮುಟ್ಟುವುದಿಲ್ಲ, ಎಫ್‌ಡಿ ಮುರಿದು ತಿನ್ನುವುದು. ನಮ್ಮ ರಾಜಾಜಿನಗರದವರು ಹೀಗೆ ಮಾಡಿದ್ದರೆ, 18 ಲಕ್ಷಕ್ಕೆ ಬಿಡಿಗಾಸು ಬಡ್ಡಿ ಬರದಿದ್ದರೂ, ಮೂರು ವರ್ಷ ಕಳೆದ ಮೇಲೆ 76ರ ಬದಲು 82 ಲಕ್ಷ ದಾಟಿರುತ್ತಿತ್ತು.

4. ಮೂರು ವರ್ಷವಾದರೂ ಮಾರ್ಕೆಟ್ ಏಳದಿದ್ದರೆ? ಜಪಾನಿನ ಷೇರು ಸೂಚ್ಯಂಕ ನಿಕ್ಕಿ 1989ರ ಮಟ್ಟ ದಾಟಿದ್ದು 2024ರಲ್ಲಿ. ಅದಕ್ಕೇ ಪ್ರತಿ ವರ್ಷ ಇನ್ನೊಂದು ಲೆಕ್ಕ: ವರ್ಷದ ಖರ್ಚು ಉಳಿದ ಒಟ್ಟು ದುಡ್ಡಿನ ಶೇ 8 ದಾಟಿತೋ, ಆ ವರ್ಷ ಖರ್ಚಿನಲ್ಲಿ ಹತ್ತನೇ ಒಂದು ಭಾಗ ಕತ್ತರಿಸಿ. ನನ್ನ ಕೇಳಿದರೆ ಕೋಟಿಗೆ ತಿಂಗಳಿಗೆ 50,000 ಶುರುವಿಗೇ ಜಾಸ್ತಿ. 35,000ಕ್ಕೆ ನಿಲ್ಲಿಸಿ.