ಅವರೆಕಾಯಿ ಚೌಕಾಸಿ ಮಾಡುವಾಗ

ಡಿಸೆಂಬರ್ ಬಂತೆಂದರೆ ಗಾಂಧಿ ಬಜಾರ್, ಮಲ್ಲೇಶ್ವರ ಎಲ್ಲ ಕಡೆ ಅವರೆಕಾಯಿ ರಾಶಿ. ಹೊಸದಾಗಿ ಸಂಸಾರ ಹೂಡಿದವರು ಹೋದ ತಕ್ಷಣ "ಕೇಜಿ ಎಷ್ಟು?" ಅಂತಾರೆ. ಹಾಗೆ ಕೇಳಿದರೆ ನಿಮಗೆ ಕಾಯಿ ನೋಡೋಕೆ ಬರಲ್ಲ ಅಂತ ಅಂಗಡಿಯವನಿಗೆ ಗೊತ್ತಾಗಿಬಿಡುತ್ತದೆ. ಮೊದಲು ರಾಶಿಯ ಅಡಿಯಿಂದ ನಾಲ್ಕು ಕಾಯಿ ತೆಗೆಯಿರಿ. ಬೆರಳಿಗೆ ಎಣ್ಣೆಯ ಹಾಗೆ ಅಂಟಬೇಕು, ಮೂಸಿದರೆ ಸೊಗಡು ಗಮ್ಮೆನ್ನಬೇಕು. ಬರೀ ತೇವ ಹತ್ತಿದರೆ ಅದು ಚಿಮುಕಿಸಿದ ನೀರು. ಆ ನೀರಿಗೂ ನೀವೇ ದುಡ್ಡು ಕೊಡಬೇಕು. ನೀವು ಕಾಯಿ ಮೂಸಿದ್ದನ್ನು ಅವನು ನೋಡಿರುತ್ತಾನೆ. ಹೇಳುವ ಬೆಲೆ ಅಲ್ಲೇ ಸ್ವಲ್ಪ ಸಡಿಲವಾಗುತ್ತದೆ.

ನಿಮ್ಮ ಚೀಲದ ಮೇಲೂ ಅವನ ಕಣ್ಣಿರುತ್ತದೆ. ಸಬ್ಬಸಿಗೆ ಸೊಪ್ಪು, ತೆಂಗಿನಕಾಯಿ ಕಂಡರೆ ಇವತ್ತು ಇವರ ಮನೆಯಲ್ಲಿ ಅವರೆಕಾಳು ಸಾರು, ಬಿಟ್ಟು ಹೋಗಲ್ಲ ಅಂತ ಲೆಕ್ಕ ಹಾಕುತ್ತಾನೆ. ಅದಕ್ಕೇ ಅವರೆಕಾಯಿ ಮೊದಲು ಕೊಳ್ಳಿ, ಸೊಪ್ಪು ಆಮೇಲೆ. ಆಟೋ ನಿಲ್ಲಿಸಿಕೊಂಡಂತೂ ಚೌಕಾಸಿಗೆ ಇಳಿಯಬೇಡಿ.

80 ರೂಪಾಯಿ ಅಂದ ಅಂತಿಟ್ಟುಕೊಳ್ಳಿ. ಅರ್ಧಕ್ಕೆ ಕೇಳಬೇಡಿ, ಅವನು ಮುಖ ತಿರುಗಿಸಿದರೆ ಮಾತು ಮುಗಿಯಿತು. ಹಿತಕಿದ ಬೇಳೆ ಮಾಡಬೇಕಾದರೆ ಹೇಗೂ ಜಾಸ್ತಿ ಬೇಕಲ್ವಾ? "5 ಕೇಜಿ ತಗೋತೀನಿ, 65 ಮಾಡ್ಕೊಳಪ್ಪ" ಅನ್ನಿ. ಆಮೇಲೆ ಸುಮ್ನಿದ್ದು ಅವನ ಕೈ ನೋಡಿ. ಬಾಯಲ್ಲಿ "ಆಗಲ್ಲಮ್ಮ, ನಮಗೇ ಬೀಳಲ್ಲ" ಅನ್ನುತ್ತಲೇ ತಕ್ಕಡಿ ಎಳೆದುಕೊಂಡರೆ 70ಕ್ಕೆ ಒಪ್ಪಿದ ಅಂತಲೇ ಅರ್ಥ. ಕೈ ಅಲ್ಲಾಡಿಸದೆ ಪಕ್ಕದ ಗಿರಾಕಿಯನ್ನು ಮಾತಾಡಿಸಿದರೆ ಅವನಿಗೆ ನಿಜಕ್ಕೂ ಗಿಟ್ಟುವುದಿಲ್ಲ. ಆಗ 75 ಕೊಟ್ಟು ತಗೊಳ್ಳಿ, ಇಲ್ಲ ಮುಂದಿನ ರಾಶಿ ನೋಡಿ. ಬೆಳಗಿನ ಬೋಣಿ ಹೊತ್ತಿನಲ್ಲಿ ಗಿರಾಕಿಯನ್ನು ಬರಿಗೈಲಿ ಕಳಿಸೋಕೆ ಅವರಿಗೆ ಮನಸ್ಸು ಬರಲ್ಲ, ಬೇಗ ಇಳಿಯುತ್ತಾರೆ. ಆದರೆ ತಗೊಳ್ಳುವ ಮನಸ್ಸಿಲ್ಲದೆ ಆ ಹೊತ್ತಿನಲ್ಲಿ ಬೆಲೆ ಕೇಳಿ ಎದ್ದು ಹೋಗಬೇಡಿ, ಅದು ಸರಿಯಲ್ಲ.

ಪಕ್ಕದಲ್ಲಿ 60ಕ್ಕೆ ಸಿಗುತ್ತೆ ಅಂತ ಓಡುವ ಮೊದಲು ಆ ಕಾಯನ್ನೂ ಹಿಸುಕಿ ನೋಡಿ. ಒಳ್ಳೆ ಕಾಯಿ ಬಿಡಿಸಿದರೂ ಕೇಜಿಗೆ ಅರ್ಧ ಕೇಜಿ ಕಾಳು ಸಿಗುವುದಿಲ್ಲ. 80ರ ಕಾಯಲ್ಲಿ 400 ಗ್ರಾಂ ಕಾಳು ಬಂದರೆ ಕಾಳು ಕೇಜಿಗೆ 200 ಬಿತ್ತು. ಚಪ್ಪಟೆ ಎಳೆಕಾಯಲ್ಲಿ 250 ಗ್ರಾಂ ಬಂದರೆ 60ರದ್ದೇ 240 ಬೀಳುತ್ತದೆ.

ತೂಕ ಆದ ಮೇಲೆ ಬೆಲೆ ಎತ್ತಬೇಡಿ. ಆಗ ಕೇಳುವುದು ಕೊಸರು ಮಾತ್ರ. ದುಡ್ಡು ಕೈಗಿಡುವ ಮೊದಲೇ ಕೇಳಿ, ಒಂದು ಹಿಡಿ ಕಾಯಿ ಹಾಕುತ್ತಾನೆ. ಹುಳುಕು ಕಂಡರೆ ಅಲ್ಲೇ ಬದಲಾಯಿಸಿಕೊಳ್ಳಿ. ಚೀಲ ಕಟ್ಟಿದ ಮೇಲೆ ಅವನೂ ಕೇಳಲ್ಲ.