ಹಸ್ತಪ್ರತಿ ತಿದ್ದಿ ಕೊಡ್ತೀರಾ? ಮೊದಲು ‘ಪುಟ’ ಎಂದರೆ ಎಷ್ಟು ಅಂತ ಕೇಳಿ

ಧಾರವಾಡದಲ್ಲಿ ಪುಸ್ತಕ ಬರೆಯುವವರಿಗೆ ಕೊರತೆ ಇಲ್ಲ. ಗದಗದಲ್ಲಿ ಅಚ್ಚು ಹಾಕುವವರಿಗೂ ಇಲ್ಲ. ನಡುವೆ ಕೂತು ತಿದ್ದಿ ಕೊಡುವವರು ಮಾತ್ರ ಕಡಿಮೆ. ಹಾಗಾಗಿ ಕನ್ನಡ ಚೆನ್ನಾಗಿ ಬಲ್ಲವರಿಗೆ ಮನೆಯಲ್ಲೇ ಕೂತು ಮಾಡುವ ಈ ಕೆಲಸ ಸಿಗುತ್ತದೆ. ಆದರೆ ಬಹಳ ಮಂದಿ ಎರಡು ಕಡೆ ಎಡವುತ್ತಾರೆ. ಒಂದು, ದರ ಹೇಳುವಾಗ. ಇನ್ನೊಂದು, ಮೊದಲ ಪುಟದಲ್ಲಿ ಒಂದು ರೀತಿ, ನೂರನೇ ಪುಟದಲ್ಲಿ ಇನ್ನೊಂದು ರೀತಿ ತಿದ್ದುವಾಗ. ಒಂದು ಕೆಲಸವನ್ನೇ ಹಿಡಿದು ಎರಡನ್ನೂ ನೋಡೋಣ.

ಹಾವೇರಿ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಕಥಾಸಂಕಲನ ಅಂದುಕೊಳ್ಳಿ. ಎ4 ಹಾಳೆಯಲ್ಲಿ 96 ಪುಟ, ಸಾಲುಗಳ ನಡುವೆ ಎಡೆ ಬಿಡದೆ ಟೈಪ್ ಮಾಡಿದ್ದು. ಅವರು ಫೋನಿನಲ್ಲಿ ಕೇಳುತ್ತಾರೆ: “ಪುಟಕ್ಕ ಎಷ್ಟ್ರೀ?” ನೀವು ತಕ್ಷಣ ಇಪ್ಪತ್ತು ರೂಪಾಯಿ ಅಂದುಬಿಟ್ಟರೆ ಮುಗಿಯಿತು, 1,920 ರೂಪಾಯಿಗೆ ಒಪ್ಪಿಕೊಂಡ ಹಾಗೆ. ಅದೇ ಬರಹ ಪುಸ್ತಕವಾದಾಗ ಎಷ್ಟು ಪುಟ ಆಗುತ್ತದೆ ಅಂತ ಯಾರೂ ಮಾತಾಡಿಲ್ಲ, ಅಲ್ವಾ?

ಅದಕ್ಕೇ ಮೊದಲು ಪದಗಳನ್ನು ಎಣಿಸಬೇಕು. ಕಡತ ತೆರೆದರೆ ಪದಗಳ ಸಂಖ್ಯೆ ಅಲ್ಲೇ ಕಾಣುತ್ತದೆ. ಇದರಲ್ಲಿ 36,400 ಪದ ಇವೆ. ನಾನು 200 ಪದಕ್ಕೆ ಒಂದು ಪುಟ ಅಂತ ಲೆಕ್ಕ ಹಿಡಿಯುತ್ತೇನೆ. ನಮ್ಮ ಕಥೆ ಪುಸ್ತಕಗಳು ಹೆಚ್ಚಾಗಿ ಬರುವ ಡೆಮಿ 1/8 ಆಕಾರದ ಪುಟಕ್ಕೆ ಇದು ಹತ್ತಿರದ ಅಂದಾಜು. ಈಗ 96 ಪುಟ 182 ಆಯಿತು. ಈ ಲೆಕ್ಕವನ್ನು ಲೇಖಕರಿಗೆ ಮೊದಲೇ ತಿಳಿಸಬೇಕು. ಬಿಲ್ ಕೊಡುವಾಗ ಹೇಳಿದರೆ ಜಗಳ.

ಮುಂದಿನದು ಮಾದರಿ ಓದು. ಶುರು, ನಡುವೆ, ಕೊನೆ, ಮೂರೂ ಕಡೆಯಿಂದ ಎರಡೆರಡು ಪುಟದಷ್ಟು ತೆಗೆದು ಗಡಿಯಾರ ನೋಡಿಕೊಂಡು ತಿದ್ದಿ. ಬರೀ ಮೊದಲ ಪುಟ ನೋಡಿ ದರ ಹೇಳಬೇಡಿ. ಅದನ್ನು ಲೇಖಕರು ಹತ್ತು ಸಲ ಓದಿರುತ್ತಾರೆ, ಚೊಕ್ಕ ಇರುತ್ತದೆ. ಈ ಸಂಕಲನದ ಆರು ಪುಟಕ್ಕೆ ಒಂದೂವರೆ ತಾಸು ಹಿಡಿಯಿತು ಎನ್ನಿ. ಅಂದರೆ ತಾಸಿಗೆ ನಾಲ್ಕು ಪುಟ. ಪೂರ್ತಿ ತಿದ್ದಲು ಸುಮಾರು 45 ತಾಸು. ತಿದ್ದಿದ ಮೇಲೆ ಇನ್ನೊಮ್ಮೆ ಓದಬೇಕು. ಅದು ತಾಸಿಗೆ 12 ಪುಟ ಸಾಗಿದರೂ 15 ತಾಸು ಬೇಕು. ಒಟ್ಟು 60 ತಾಸು. ಪುಟಕ್ಕೆ 20 ರೂಪಾಯಿ ಅಂದರೆ 3,640, ತಾಸಿಗೆ ಅರವತ್ತೇ ರೂಪಾಯಿ. ತಾಸಿಗೆ ನೂರಾದರೂ ಬೇಕು ಅನ್ನುವವರು ಪುಟಕ್ಕೆ 35 ಕೇಳಬೇಕು. ಆಗ 6,370 ಬರುತ್ತದೆ.

ಆಗ ಲೇಖಕರು ಅನ್ನುವ ಮಾತು ಗೊತ್ತೇ ಇದೆ: “ಪ್ರೆಸ್ಸಿನವರು ಹತ್ತು ರೂಪಾಯಿಗೆ ಓದಿ ಕೊಡ್ತಾರಲ್ರೀ ಸರ್?” ಇದಕ್ಕೆ ಸಿಟ್ಟಾಗಬೇಕಿಲ್ಲ. ಅದು ಬೇರೆ ಕೆಲಸ. ಅವರು ಮೂಲಪ್ರತಿ ಪಕ್ಕಕ್ಕಿಟ್ಟುಕೊಂಡು ಟೈಪ್ ತಪ್ಪು ಹುಡುಕುತ್ತಾರೆ. ಮೂಲದಲ್ಲೇ ‘ಮದ್ಯರಾತ್ರಿ’ ಅಂತಿದ್ದರೆ ಅದು ಹಾಗೇ ಉಳಿಯುತ್ತದೆ. ನೀವು ಅದನ್ನು ಮಧ್ಯರಾತ್ರಿ ಮಾಡುತ್ತೀರಿ, ತೊಡಕು ವಾಕ್ಯ ಬಿಡಿಸುತ್ತೀರಿ, ಎರಡನೇ ಕಥೆಯಲ್ಲಿ ವಿಧವೆ ಆಗಿದ್ದ ಅತ್ತೆ ಅದೇ ಕಥೆಯ ಕೊನೆಗೆ ಗಂಡನ ಜೊತೆ ಜಾತ್ರೆಗೆ ಹೋದದ್ದನ್ನು ತೋರಿಸುತ್ತೀರಿ. ಲೇಖಕರ ಹತ್ತಿರ ಹಣ ಕಡಿಮೆ ಇದ್ದರೆ ಕೆಲಸ ಇಳಿಸಿ, ಸುಮ್ನೆ ದರ ಇಳಿಸಬೇಡಿ. ಎರಡನೇ ಓದು ಬಿಟ್ಟರೆ ಪುಟಕ್ಕೆ 25ಕ್ಕೆ ಮಾಡಿಕೊಡಬಹುದು, ನಿಮ್ಮ ತಾಸಿನ ಲೆಕ್ಕ ಅಷ್ಟೇ ಉಳಿಯುತ್ತದೆ.

ದರ ಒಪ್ಪಿ ಅರ್ಧ ಹಣ ಮುಂಗಡ ಬಂತು. ಈಗಲೂ ತಿದ್ದಲು ಶುರು ಮಾಡಬೇಡಿ. ಮೊದಲ ಮೂರು ಕಥೆ ಕೈ ಹಚ್ಚದೆ ಓದಿ, ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಎರಡು ರೀತಿ ಬರೆದದ್ದು ಕಂಡ ಕೂಡಲೇ ಹಾಳೆಗೆ ಹಾಕಿ. ಇದೇ ಪದಪಟ್ಟಿ. ಮೇಷ್ಟ್ರು, ಮೇಸ್ಟ್ರು: ಯಾವುದು? ಹುಬ್ಬಳ್ಳಿ, ಹುಬ್ಳಿ: ನಿರೂಪಣೆಯಲ್ಲಿ ಒಂದು, ಮಾತಿನಲ್ಲಿ ಇನ್ನೊಂದು ಇರಲಿ ಎನ್ನಬಹುದು. ಅಂಕಿ ಕನ್ನಡದ್ದೋ, 1, 2, 3 ಇರಬೇಕೋ? ‘ಹೇಳಿಬಿಟ್ಟ’ ಕೂಡಿಸಿಯೋ, ಬಿಡಿಸಿಯೋ? ಇಂಥದ್ದರಲ್ಲಿ ಎಚ್ಚರ ಬೇಕು. ‘ಪುಸ್ತಕ ಓದಿಕೊಂಡ’ ಬೇರೆ, ‘ಪುಸ್ತಕ ಓದಿ ಕೊಂಡ’ ಬೇರೆ. ಎರಡನೆಯವನು ದುಡ್ಡು ಕೊಟ್ಟಿದ್ದಾನೆ! ಕಾಗುಣಿತದ ಅನುಮಾನಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ನೋಡಿ. ನಿಘಂಟು ಎರಡನ್ನೂ ಒಪ್ಪಿದರೆ ಲೇಖಕರು ಜಾಸ್ತಿ ಬಳಸಿದ್ದನ್ನೇ ಇಟ್ಟುಕೊಳ್ಳಿ.

ನಮ್ಮ ಕಡೆಯ ಕಥೆಗಳಲ್ಲಿ ನಿಜವಾದ ಕಷ್ಟ ಸಂಭಾಷಣೆಯದ್ದು. ‘ಹೊಲಕ್ಕ ಹೋಗಾಕತ್ತಾನ’ ಅಂತಿದ್ದರೆ ಅದನ್ನು ‘ಹೊಲಕ್ಕೆ’ ಮಾಡುವುದು ತಿದ್ದುವುದಲ್ಲ, ಕೆಡಿಸುವುದು. ಹಾಗಂತ ‘ಮಾಡಾಕತ್ತಾನ’, ‘ಮಾಡಾಕ ಹತ್ತಾನ’, ‘ಮಾಡಾಕ್ಹತ್ಯಾನ’ ಮೂರೂ ಒಬ್ಬನ ಬಾಯಲ್ಲೇ ಬಂದರೂ ಸರಿಯಲ್ಲ. ಬರೆಯುವ ರೀತಿ ಒಂದೇ ಆಗಬೇಕು, ಮಾತಾಡುವ ರೀತಿ ಪಾತ್ರಕ್ಕೆ ತಕ್ಕಂತೆ ಬೇರೆ ಇರಬೇಕು. ಈ ಸಂಕಲನದ ಒಂದು ಕಥೆಯಲ್ಲಿ ಹೊಲದ ಆಳು ‘ಐತಿ’, ‘ಮಾಡಾಕತ್ತಾನ’ ಅನ್ನುತ್ತಾನೆ. ಆಚಾರ್ಯರ ಮನೆಯ ಅಜ್ಜಿ ‘ಅದ’, ‘ಮಾಡ್ಲಿಕ್ಕತ್ತಾನ’ ಅನ್ನುತ್ತಾಳೆ. ಇಬ್ಬರನ್ನೂ ಒಂದೇ ಮಾಡಿದರೆ ಕಥೆಯ ಅರ್ಧ ಜೀವ ಹೋಯಿತು. ಹಾಗಾಗಿ ಪದಪಟ್ಟಿಯಲ್ಲಿ ಪಾತ್ರಕ್ಕೊಂದು ಸಾಲು ಬರೆಯಿರಿ: ಆಳು: ಐತಿ, -ಆಕತ್ತ; ಅಜ್ಜಿ: ಅದ, -ಲಿಕ್ಕತ್ತ. ಅಜ್ಜಿ ಎಲ್ಲಾದರೂ ‘ಐತಿ’ ಅಂದರೆ ತಿದ್ದಬೇಡಿ, ಅಂಚಿನಲ್ಲಿ ಪ್ರಶ್ನೆ ಹಾಕಿ. ಆಳಿನ ಮಾತನ್ನು ಅಣಕಿಸುತ್ತಿರಬಹುದು.

ಪಟ್ಟಿ ಗಟ್ಟಿಯಾದ ಮೇಲೆ ಅದನ್ನು ಲೇಖಕರಿಗೆ ಕಳಿಸಿ ಒಪ್ಪಿಗೆ ಪಡೆಯಿರಿ. ಆಮೇಲೆ ಪ್ರತಿ ಪದವನ್ನೂ ಕಡತದಲ್ಲಿ ಹುಡುಕಿ, ಒಂದೊಂದಾಗಿ ನೋಡಿ ಬದಲಿಸಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಗುಂಡಿ ಒತ್ತಲೇಬೇಡಿ. ‘ಅದ’ವನ್ನು ‘ಐತಿ’ ಮಾಡಲು ಹೋದರೆ ‘ಅದರ’ ಎಂಬುದೆಲ್ಲ ‘ಐತಿರ’ ಆಗಿ ಕೂರುತ್ತದೆ. ಹಳೆಯ ನುಡಿ ಫಾಂಟಿನಿಂದ ಯೂನಿಕೋಡಿಗೆ ತಂದ ಕಡತವಾದರೆ ಇನ್ನೊಂದು ತೊಂದರೆ: ಕೆಲವು ಪದಗಳ ಕೊನೆಗೆ ಕಣ್ಣಿಗೆ ಕಾಣದ ಅಕ್ಷರ ಅಂಟಿರುತ್ತದೆ. ಎದುರಿಗೇ ‘ಬಸ್’ ಇದ್ದರೂ ಅದರ ಮುಂದೆ ಖಾಲಿ ಜಾಗ ಸೇರಿಸಿ ಹುಡುಕಿದರೆ ಸಿಗುವುದಿಲ್ಲ. ಜಾಗ ಸೇರಿಸದೆ ಪದವನ್ನಷ್ಟೇ ಹುಡುಕಿದರೆ ಸಿಗುತ್ತದೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಆಚೀಚೆ ಆಗುವುದೂ ಉಂಟು. ಅದಕ್ಕೆ ಮೂಲ ಫಾಂಟಿನ ಪಿಡಿಎಫ್ ಒಂದು ತರಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳಿ.

ಲೇಖಕರ ತಿದ್ದುಪಡಿ ಒಂದು ಸುತ್ತು ನಿಮ್ಮ ದರದಲ್ಲೇ ಸೇರಿರಲಿ. ಹೊಸ ಕಥೆ ಸೇರಿಸಿದರೆ ಮತ್ತೆ ಪದ ಎಣಿಸಿ. ಪುಟವಿನ್ಯಾಸ ಆದ ಮೇಲಿನ ಪ್ರೂಫ್ ಬೇರೆ ಕೆಲಸ, ಅದಕ್ಕೆ ಬೇರೆ ದರ ಹೇಳಿ. ವಿನ್ಯಾಸಕ್ಕೆ ಫಾಂಟ್ ಮತ್ತೆ ಬದಲಾಗಿರುತ್ತದೆ, ಒತ್ತಕ್ಷರ ಮತ್ತೆ ಬಿದ್ದಿರಬಹುದು. ಇಲ್ಲಿ ಅಚ್ಚಿನ ಪುಟವೇ ಕೈಯಲ್ಲಿ ಇರುವುದರಿಂದ 200 ಪದದ ಲೆಕ್ಕ ಬೇಡ. ತಾಸಿಗೆ ಹತ್ತು ಪುಟ ಸಾಗಿದರೆ ಪುಟಕ್ಕೆ ಹತ್ತು ರೂಪಾಯಿ ಸಾಕಾಗುತ್ತದೆ. ಕಡತದ ಜೊತೆ ಪದಪಟ್ಟಿಯ ಒಂದು ಪ್ರತಿಯನ್ನು ಡಿಟಿಪಿ ಮಾಡುವವರಿಗೂ ಕೊಡಿ. ಇಲ್ಲದಿದ್ದರೆ ಅವರು ‘ಹೊಲಕ್ಕ’ ನೋಡಿ, ಪಾಪ ತಪ್ಪಾಗಿದೆ ಅಂತ, ತಾವೇ ತಿದ್ದಿಬಿಡುತ್ತಾರೆ.