ದಿನಕ್ಕೆ 9 ತಾಸು, ಎರಡು ವಾರಕ್ಕೊಂದು ಸೂಟಿ: ಲೆಕ್ಕ ಕೂಡಿಸುವುದು ಹೀಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಬಿಡಿಭಾಗ ಮಾರುವ ಹತ್ತು ಜನರ ಕಚೇರಿ ಇದೆ ಎಂದುಕೊಳ್ಳಿ. ಸೋಮವಾರದಿಂದ ಶುಕ್ರವಾರ 8 ತಾಸು, ಶನಿವಾರ ಅರ್ಧ ದಿನ 4 ತಾಸು. ವಾರಕ್ಕೆ 44, ಎರಡು ವಾರಕ್ಕೆ 88. ಈ 88 ತಾಸು ಕಡಿಮೆಯಾಗದಂತೆ ಪ್ರತಿಯೊಬ್ಬರಿಗೂ ಎರಡು ವಾರಕ್ಕೊಮ್ಮೆ ಬುಧವಾರ ಬಿಡುವು ಕೊಡಬೇಕು.

ಮೊದಲು ಮಿತಿ ನೋಡಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು. ಮೀರಿದ್ದಕ್ಕೆ ದುಪ್ಪಟ್ಟು ಓವರ್‌ಟೈಮ್. ಕಾರ್ಖಾನೆಯ ಕಾರ್ಮಿಕರಿಗೆ ಕಾನೂನೇ ಬೇರೆ, ಈ ಲೆಕ್ಕವನ್ನು ಅಲ್ಲಿಗೆ ಎತ್ತಿಕೊಂಡು ಹೋಗಬೇಡಿ.

ಬಿಡುವು ಇರುವ ವಾರ 9 ತಾಸಿನ ನಾಲ್ಕು ದಿನ, ಶನಿವಾರ 4: ಒಟ್ಟು 40. ಬಿಡುವಿಲ್ಲದ ವಾರ 9 ತಾಸಿನ ಐದು ದಿನ, ಅಲ್ಲಿಗೇ 45. ಆ ಶನಿವಾರ 3 ತಾಸು ಮಾತ್ರ ಇಟ್ಟರೆ 48. ಎರಡೂ ಸೇರಿ 88. ಎಡವುವುದು ಈ ಶನಿವಾರದಲ್ಲೇ. ರೂಢಿಯಂತೆ 4 ತಾಸು ಕೂಡಿಸಿಕೊಂಡರೆ 49 ಆಗಿ, ಒಂದು ತಾಸು ಓವರ್‌ಟೈಮಿಗೆ ಬೀಳುತ್ತದೆ. ಸರಾಸರಿ 44.5 ಇದೆಯಲ್ಲ ಎನ್ನುವ ವಾದ ನಿಲ್ಲುವುದಿಲ್ಲ, ಮಿತಿ ಪ್ರತಿ ವಾರಕ್ಕೂ ಬೇರೆಬೇರೆ.

ವೇಳೆ ಬೆಳಿಗ್ಗೆ 8.30ರಿಂದ 1, ಊಟಕ್ಕೆ ಒಂದು ತಾಸು, ಮತ್ತೆ 2ರಿಂದ 6.30. ಸತತ ಐದು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ಊಟದ ತಾಸು ಕೆಲಸದ ಲೆಕ್ಕಕ್ಕಿಲ್ಲ. 9.30ಕ್ಕೆ ಶುರು ಮಾಡಿದರೆ ಬಿಡುವುದು 7.30ಕ್ಕೆ. ಖಾನಾಪುರ, ಬೈಲಹೊಂಗಲದಿಂದ ಬರುವವರು ಮೊದಲ ವಾರವೇ ತಕರಾರು ತೆಗೆಯುತ್ತಾರೆ.

ಈಗ ಐದೈದು ಜನರ ಎರಡು ಗುಂಪು. ಒಂದು ಗುಂಪಿಗೆ ಮೊದಲ ಬುಧವಾರ, ಇನ್ನೊಂದಕ್ಕೆ ಮುಂದಿನ ಬುಧವಾರ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುವ ಜೋಡಿಗಳನ್ನು ಒಡೆದು ಎರಡು ಗುಂಪಿಗೂ ಹಾಕಿ. ಬಿಲ್ ಮಾಡುವ ಇಬ್ಬರೂ ಒಂದೇ ಗುಂಪಿನಲ್ಲಿದ್ದರೆ ಬುಧವಾರ ಮಾಲು ಗೋದಾಮಿನಲ್ಲೇ ಉಳಿಯುತ್ತದೆ. ಲೆಕ್ಕಪತ್ರದವರ ಬಿಡುವು ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಖಿಗೆ ಬರುತ್ತದೆಯೇ ಎಂದು ಮೂರು ತಿಂಗಳ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿ. ಹದಿನಾಲ್ಕು ದಿನದ ಸುತ್ತು ತಿಂಗಳಿಗೆ ಹೊಂದುವುದಿಲ್ಲ, ಎಂದಾದರೂ ಬಂದೇ ಬರುತ್ತದೆ.

ಅದಲು ಬದಲಿಗೆ ಒಂದೇ ನಿಯಮ: ಬಿಡುವನ್ನು ಅದೇ ವಾರದೊಳಗೆ ಮಾತ್ರ ಸರಿಸಬಹುದು. ಬುಧವಾರದ ಬದಲು ಗುರುವಾರ ಆಗುತ್ತದೆ. ಮುಂದಿನ ವಾರಕ್ಕೆ ತಳ್ಳಿದರೆ ಈ ವಾರ 40ಕ್ಕೆ 9 ಸೇರಿ ಮತ್ತೆ 49.

ಹಬ್ಬದ ಸೂಟಿ ಬಿಡುವಿನ ದಿನವೇ ಬಂದರೆ ಬಿಡುವನ್ನು ಅದೇ ವಾರದ ಇನ್ನೊಂದು ದಿನಕ್ಕೆ ಕೊಡಿ. 9 ತಾಸಿನ ದಿನ ಬಂದರೆ 9 ತಾಸೇ ಜಮಾ ಮಾಡಿ, 8 ಹಿಡಿದರೆ ಸಿಬ್ಬಂದಿಯ ಮೇಲೆ ಒಂದು ತಾಸಿನ ಸಾಲ ಉಳಿಯುತ್ತದೆ. ರಜೆಯ ಖಾತೆಯನ್ನೂ ತಾಸಿನಲ್ಲೇ ಬರೆಯುವುದು ಒಳ್ಳೆಯದು. ಹಳೆಯ 8 ತಾಸಿನ ದಿನದ ಲೆಕ್ಕಕ್ಕೆ 12 ದಿನದ ರಜೆ 96 ತಾಸು. 9 ತಾಸಿನ ದಿನದ ರಜೆಗೆ 9 ಕಳೆಯಿರಿ, ಶನಿವಾರಕ್ಕೆ 3 ಅಥವಾ 4. ದಿನದ ಲೆಕ್ಕದಲ್ಲೇ ಬಿಟ್ಟರೆ ಮೂರು ತಾಸಿನ ಶನಿವಾರಕ್ಕೂ ಇಡೀ ದಿನದ ರಜೆ ಹೋಗುತ್ತದೆ.